ಇಬ್ಬರು ಸೇರಿ ಕೊಂಡ ಸೆಕೆಂಡ್ ಹ್ಯಾಂಡ್ ಕಾರು: ‘ಓಡಿಸಿದಷ್ಟಕ್ಕೆ ದುಡ್ಡು’ ಅನ್ನುವ ಲೆಕ್ಕ ಸರಿಯೇ?

ಇಬ್ಬರು ಗೆಳೆಯರು ಸೇರಿ ಹಳೆಯ ಕಾರೊಂದನ್ನು ಕೊಂಡರೆ ಖರ್ಚು ಹಂಚಿಕೊಳ್ಳುವ ವಿಷಯದಲ್ಲಿ ಎರಡು ಸಲಹೆಗಳು ತಾನಾಗಿಯೇ ಬರುತ್ತವೆ. ಒಂದು, ‘ಗೆಳೆಯರಲ್ವಾ, ಎಲ್ಲದರಲ್ಲೂ ಅರ್ಧ ಅರ್ಧ ಹಾಕಿಕೊಳ್ಳಿ’. ಇನ್ನೊಂದು, ‘ಯಾರು ಎಷ್ಟು ಕಿಲೋಮೀಟರ್ ಓಡಿಸ್ತಾರೋ ಅಷ್ಟು ಕೊಡಲಿ’. ಎರಡನೆಯದು ಹೆಚ್ಚು ನ್ಯಾಯವಾಗಿ ಕೇಳಿಸುತ್ತದೆ, ಅದರಲ್ಲೂ ಒಬ್ಬರು ದಿನಾ ಓಡಿಸಿ ಇನ್ನೊಬ್ಬರು ವಾರಕ್ಕೊಮ್ಮೆ ಮಾತ್ರ ತೆಗೆದುಕೊಂಡು ಹೋಗುವಾಗ.

ಇಬ್ಬರ ಓಡಾಟ ಒಂದೇ ಸಮ ಇಲ್ಲದಿದ್ದರೆ ಎರಡೂ ತಪ್ಪು ಲೆಕ್ಕಗಳೇ. ಕಾರಣ ಸರಳ. ಕಾರಿನ ಕೆಲವು ಖರ್ಚುಗಳು ಗಾಡಿ ಓಡಿದ್ದಕ್ಕೆ ಆಗುತ್ತವೆ, ಕೆಲವು ಸುಮ್ಮನೆ ನಿಂತಿದ್ದರೂ ಆಗುತ್ತವೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಯಾರಾದರೊಬ್ಬರಿಗೆ ನಷ್ಟ ಆಗಿಯೇ ಆಗುತ್ತದೆ. ಇದರ ಜೊತೆಗೆ, ಯಾವ ಬಿಲ್ಲಿನಲ್ಲೂ ಕಾಣಿಸದ ಖರ್ಚೊಂದಿದೆ. ಕಾರು ಮಾರುವ ದಿನ ಜಗಳ ಶುರುವಾಗುವುದು ಸಾಮಾನ್ಯವಾಗಿ ಅಲ್ಲಿಂದಲೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಹೇಶ, ಇರ್ಫಾನ್ ಎಂಬ ಇಬ್ಬರು ಧಾರವಾಡದಲ್ಲಿದ್ದಾರೆ ಎಂದುಕೊಳ್ಳಿ. ಇಬ್ಬರೂ 1,60,000 ರೂಪಾಯಿ ಹಾಕಿ, ವರ್ಗಾವಣೆ ಖರ್ಚೂ ಸೇರಿ 3,20,000ಕ್ಕೆ ಏಳೆಂಟು ವರ್ಷ ಹಳೆಯದಾದ ಸಣ್ಣ ಪೆಟ್ರೋಲ್ ಕಾರು ಕೊಂಡರು. ಮಹೇಶ ಕೆಲಸಕ್ಕೆಂದು ದಿನಾ ಹುಬ್ಬಳ್ಳಿಗೆ ಹೋಗಿ ಬರುತ್ತಾನೆ, ತಿಂಗಳಿಗೆ ಸುಮಾರು 1,000 ಕಿ.ಮೀ. ಇರ್ಫಾನ್‌ಗೆ ಕಾರು ಬೇಕಾಗುವುದು ಭಾನುವಾರ, ಹಬ್ಬ ಹರಿದಿನ, ಊರಿಗೆ ಹೋಗುವಾಗ. ಅವನದು ತಿಂಗಳಿಗೆ 250 ಕಿ.ಮೀ. ಅಂದರೆ ವರ್ಷಕ್ಕೆ 12,000 ಮತ್ತು 3,000, ಒಟ್ಟು 15,000 ಕಿ.ಮೀ. ಮುಂದೆ ಬರುವ ಮೊತ್ತಗಳೆಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡ ಅಂದಾಜುಗಳು. ನಿಮ್ಮ ಕಾರಿಗೆ ನಿಮ್ಮ ಮೊತ್ತ ಹಾಕಿಕೊಳ್ಳಿ, ವಿಧಾನ ಬದಲಾಗುವುದಿಲ್ಲ.

ನಿಂತರೂ ಆಗುವ ಖರ್ಚು, ಓಡಿದರೆ ಆಗುವ ಖರ್ಚು

ಇನ್ಶೂರೆನ್ಸ್ ಕಂತು ಕಾರು ಶೆಡ್‌ನಲ್ಲಿ ಮಲಗಿದ್ದರೂ ಅಷ್ಟೇ. ಹೊಗೆ ತಪಾಸಣೆ ಸರ್ಟಿಫಿಕೇಟ್ ಕೂಡ ಹಾಗೇ. ಬ್ಯಾಟರಿಯೂ ಹೆಚ್ಚುಕಡಿಮೆ ಕಾಲಕ್ಕೆ ತಕ್ಕಂತೆ ಸಾಯುವ ವಸ್ತು. ನಿಜ ಹೇಳಬೇಕೆಂದರೆ, ದಿನಾ ಓಡುವ ಕಾರಿಗಿಂತ ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿಯೇ ಬೇಗ ಕೈಕೊಡುತ್ತದೆ. ವೈಪರ್ ರಬ್ಬರ್, ಬ್ರೇಕ್ ಆಯಿಲ್, ಕೂಲೆಂಟ್ ಇವೂ ಕಾಲದ ಲೆಕ್ಕದವೇ. ನಮ್ಮ ಉದಾಹರಣೆಯಲ್ಲಿ ಇನ್ಶೂರೆನ್ಸ್‌ಗೆ 9,000, ಉಳಿದವಕ್ಕೆ 3,000, ಒಟ್ಟು ವರ್ಷಕ್ಕೆ 12,000 ರೂಪಾಯಿ ಎಂದಿಟ್ಟುಕೊಳ್ಳೋಣ.

ಇನ್ನು ಓಡಿದ್ದಕ್ಕೆ ಆಗುವುದು. ಆಯಿಲ್ ಬದಲಾಯಿಸುವ ಸರ್ವಿಸ್‌ಗೆ ಪ್ರತಿ 10,000 ಕಿ.ಮೀ.ಗೆ 5,000 ರೂಪಾಯಿ ಆದರೆ ಕಿಲೋಮೀಟರಿಗೆ 50 ಪೈಸೆ. ನಾಲ್ಕು ಟೈರಿಗೆ 16,000 ಕೊಟ್ಟು ಅವು 40,000 ಕಿ.ಮೀ. ಬಂದರೆ ಕಿಲೋಮೀಟರಿಗೆ 40 ಪೈಸೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್‌ಗಳಿಗೆ 30 ಪೈಸೆ ಹಿಡಿಯೋಣ. ಅಲ್ಲಿಗೆ 1 ರೂಪಾಯಿ 20 ಪೈಸೆ ಆಯಿತು. 15,000 ಕಿ.ಮೀ.ಗೆ 18,000 ರೂಪಾಯಿ.

ಸರ್ವಿಸ್ ವಿಷಯದಲ್ಲಿ ಒಂದು ಮಾತು ಗಮನದಲ್ಲಿರಲಿ. ಕಂಪನಿಯ ಪುಸ್ತಕದಲ್ಲಿ ‘10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಬರೆದಿರುತ್ತದೆ. ವರ್ಷಕ್ಕೆ 15,000 ಓಡುವ ಈ ಕಾರಿಗೆ ಕಿಲೋಮೀಟರೇ ಮೊದಲು ತುಂಬುವುದರಿಂದ ಇದು ಓಡಿದ ಖರ್ಚು. ಇಬ್ಬರ ಓಟ ಸೇರಿಯೂ ವರ್ಷಕ್ಕೆ 6,000 ದಾಟದಿದ್ದರೆ ಅದೇ ಸರ್ವಿಸ್ ಕಾಲದ ಖರ್ಚಾಗುತ್ತದೆ, ಆಗ ಅದನ್ನು ಮೊದಲ ಗುಂಪಿಗೆ ಸೇರಿಸಬೇಕು. ಟೈರು ಕೂಡ ಹೀಗೇ. ಕಡಿಮೆ ಓಡುವ ಗಾಡಿಯಲ್ಲಿ ಟೈರಿನ ಹಲ್ಲು ಸವೆಯುವ ಮೊದಲೇ ಬದಿಯ ರಬ್ಬರ್ ಬಿರುಕು ಬಿಡುತ್ತದೆ.

ಬಿಲ್ಲೇ ಇಲ್ಲದ ಖರ್ಚು

ಕಾರಿನ ದೊಡ್ಡ ಖರ್ಚು ಪೆಟ್ರೋಲ್ ಎಂದು ಹೆಚ್ಚಿನವರು ಭಾವಿಸುತ್ತಾರೆ. ಪೆಟ್ರೋಲ್ ಬಿಟ್ಟು ನೋಡಿದರೆ ದೊಡ್ಡದು ಕಾರಿನ ಬೆಲೆ ಇಳಿಯುವುದು. ಇಂದು 3,20,000 ಕೊಟ್ಟ ಕಾರು ಮೂರು ವರ್ಷದ ನಂತರ 2,00,000ಕ್ಕೆ ಹೋಯಿತು ಎಂದುಕೊಳ್ಳಿ. 1,20,000 ರೂಪಾಯಿ ಕರಗಿತು, ವರ್ಷಕ್ಕೆ 40,000. ಇದಕ್ಕೆ ರಸೀದಿ ಇಲ್ಲ, ಜೇಬಿನಿಂದ ಯಾರೂ ತೆಗೆದುಕೊಡುವುದಿಲ್ಲ. ಹಾಗಾಗಿ ಇಬ್ಬರ ಲೆಕ್ಕದ ಪುಸ್ತಕದಲ್ಲಿ ಇದು ಬರುವುದೇ ಇಲ್ಲ.

ಈ ಇಳಿಕೆಯಲ್ಲೂ ಎರಡು ಭಾಗ ಇದೆ. ಒಂದು ವಯಸ್ಸಿನದು: ಮಾಡೆಲ್ ಹಳೆಯದಾದಷ್ಟೂ ಬೆಲೆ ಇಳಿಯುತ್ತದೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆದ್ದರಿಂದ ಆ ಗಡಿ ಹತ್ತಿರ ಬಂದಂತೆ ಕೊಳ್ಳುವವರು ಹಿಂಜರಿಯುತ್ತಾರೆ. ಇನ್ನೊಂದು ಓಡೋಮೀಟರಿನದು: ಹೆಚ್ಚು ಓಡಿದ ಗಾಡಿಗೆ ಕಡಿಮೆ ಬೆಲೆ.

ಎರಡನ್ನೂ ಬೇರ್ಪಡಿಸುವುದು ಹೇಗೆ? ಹಳೆ ಕಾರು ಮಾರುವ ಆ್ಯಪ್ ತೆರೆದು ನಿಮ್ಮದೇ ಮಾಡೆಲ್, ಅದೇ ವರ್ಷ, ಅದೇ ವೇರಿಯಂಟ್, ಅಷ್ಟೇ ಮಾಲೀಕರು ಬದಲಾದ ನಾಲ್ಕೈದು ಗಾಡಿಗಳನ್ನು ಹುಡುಕಿ. ಓಡಿದ ದೂರ ಮಾತ್ರ ಬೇರೆ ಇರಲಿ. 60,000 ಓಡಿದ್ದಕ್ಕೂ 90,000 ಓಡಿದ್ದಕ್ಕೂ 30,000 ರೂಪಾಯಿ ವ್ಯತ್ಯಾಸ ಕಂಡರೆ ಕಿಲೋಮೀಟರಿಗೆ 1 ರೂಪಾಯಿ ಇಳಿಕೆ ಎಂದಾಯಿತು. ಇದು ಬರೀ ಅಂದಾಜು, ಆ್ಯಪ್‌ನಲ್ಲಿರುವುದು ಕೇಳುವ ಬೆಲೆಯೇ ಹೊರತು ಕೈಗೆ ಬಂದ ಬೆಲೆಯಲ್ಲ. ಓಡೋಮೀಟರ್ ಒಂದು ಲಕ್ಷ ದಾಟಿದಾಗ ಬೆಲೆ ಒಮ್ಮೆಲೇ ಇಳಿಯುವುದೂ ಉಂಟು. ಆದರೂ ಲೆಕ್ಕವೇ ಇಲ್ಲದಿರುವುದಕ್ಕಿಂತ ಈ ಅಂದಾಜು ಎಷ್ಟೋ ವಾಸಿ.

ನಮ್ಮ ಉದಾಹರಣೆಗೆ 1 ರೂಪಾಯಿಯನ್ನೇ ಇಟ್ಟುಕೊಂಡರೆ, ವರ್ಷದ 40,000 ಇಳಿಕೆಯಲ್ಲಿ 15,000 ಓಡಿದ್ದಕ್ಕೆ, ಉಳಿದ 25,000 ವಯಸ್ಸಿಗೆ. ಈಗ ಒಟ್ಟು ಹಾಕೋಣ. ಕಾಲದ ಖರ್ಚು 12,000 ಮತ್ತು 25,000 ಸೇರಿ 37,000. ಓಡಿದ ಖರ್ಚು 18,000 ಮತ್ತು 15,000 ಸೇರಿ 33,000, ಅಂದರೆ ಕಿಲೋಮೀಟರಿಗೆ 2 ರೂಪಾಯಿ 20 ಪೈಸೆ. ಪೆಟ್ರೋಲ್ ಬಿಟ್ಟು ಈ ಕಾರು ವರ್ಷಕ್ಕೆ ನುಂಗುವುದು 70,000 ರೂಪಾಯಿ.

ಮೂರು ಲೆಕ್ಕ, ಮೂರು ಉತ್ತರ

ಅರ್ಧ ಅರ್ಧ ಹಾಕಿದರೆ ಇಬ್ಬರಿಗೂ 35,000. ಇದರ ದೋಷ ಹೀಗೆ ಗೊತ್ತಾಗುತ್ತದೆ: ಮಹೇಶ ಇನ್ನೂ 1,000 ಕಿ.ಮೀ. ಹೆಚ್ಚು ಓಡಿಸಿದರೆ ಕಾರಿಗೆ 2,200 ರೂಪಾಯಿ ಸವೆತ. ಅದರಲ್ಲಿ 1,100 ಇರ್ಫಾನ್ ತಲೆಗೆ. ಅವನು ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರೂ ಹಣ ಹೋಗುತ್ತಿರುತ್ತದೆ.

ಪೂರ್ತಿ ಕಿಲೋಮೀಟರ್ ಲೆಕ್ಕ ಹಾಕಿದರೆ 80:20ರ ಪ್ರಕಾರ ಮಹೇಶನಿಗೆ 56,000, ಇರ್ಫಾನ್‌ಗೆ 14,000. ಇಲ್ಲಿನ ದೋಷ ಕಾಣಬೇಕಾದರೆ ಇರ್ಫಾನ್ ಒಂದು ವರ್ಷ ಕಾರು ಮುಟ್ಟಲೇ ಇಲ್ಲ ಎಂದುಕೊಳ್ಳಿ. ಆಗ ಅವನ ಪಾಲು ಸೊನ್ನೆ. ಇನ್ಶೂರೆನ್ಸ್, ಬ್ಯಾಟರಿ, ವಯಸ್ಸಿನಿಂದಾದ ಬೆಲೆ ಇಳಿಕೆ, ಎಲ್ಲವೂ ಮಹೇಶನ ಮೇಲೆ. ಆದರೆ ಇರ್ಫಾನ್‌ಗೆ ಅರ್ಧ ಕಾರು ಹಾಗೇ ಇದೆ, ಯಾವ ದಿನ ಬೇಕಾದರೂ ಕೀಲಿ ಕೇಳುವ ಹಕ್ಕೂ ಇದೆ. ಮಧ್ಯರಾತ್ರಿ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಕಾರು ಇರುವುದಕ್ಕೂ ಒಂದು ಬೆಲೆ ಇದೆಯಲ್ಲ? ಕಿಲೋಮೀಟರ್ ಲೆಕ್ಕ ಅದನ್ನು ಪುಕ್ಕಟೆ ಮಾಡಿಬಿಡುತ್ತದೆ.

ಎರಡು ಭಾಗದ ಲೆಕ್ಕದಲ್ಲಿ ಕಾಲದ ಖರ್ಚು ಸಮ, ಓಡಿದ ಖರ್ಚು ಓಡಿಸಿದಷ್ಟು. ಕಾಲದ್ದು ತಲಾ 18,500. ಓಡಿದ್ದಕ್ಕೆ ಮಹೇಶನದು 26,400, ಇರ್ಫಾನ್‌ನದು 6,600. ಒಟ್ಟು ಮಹೇಶ 44,900, ಇರ್ಫಾನ್ 25,100.

ಮೂರರಲ್ಲಿ ಯಾವುದು ಸರಿ ಎಂದು ಪರೀಕ್ಷಿಸಲು ಒಂದು ದಾರಿ ಇದೆ. ಇಬ್ಬರೂ ಬೇರೆ ಬೇರೆಯಾಗಿ ಇಂಥದೇ ಕಾರು ಕೊಂಡಿದ್ದರೆ ಎಷ್ಟು ಆಗುತ್ತಿತ್ತು? ಮಹೇಶನಿಗೆ ಕಾಲದ ಖರ್ಚು ಪೂರ್ತಿ 37,000, ಓಡಿದ್ದಕ್ಕೆ 26,400, ಒಟ್ಟು 63,400. ಇರ್ಫಾನ್‌ಗೆ ಕಾಲದ್ದು 37,000. ಬರೀ 3,000 ಕಿ.ಮೀ. ಓಡಿದರೂ ವರ್ಷಕ್ಕೊಂದು ಸರ್ವಿಸ್ ತಪ್ಪದ ಕಾರಣ ಅದಕ್ಕೆ 5,000. ಟೈರು, ಬ್ರೇಕ್‌ಗೆ 2,100, ಓಡಿದ್ದರಿಂದ ಬೆಲೆ ಇಳಿಕೆ 3,000. ಒಟ್ಟು 47,100. ಇಬ್ಬರದೂ ಸೇರಿ 1,10,500. ಜೊತೆಗಾರಿಕೆಯಲ್ಲಿ 70,000. ಅಂದರೆ ಉಳಿತಾಯ 40,500 ರೂಪಾಯಿ.

ಈ ಉಳಿತಾಯ ಯಾರ ಜೇಬಿಗೆ ಹೋಗುತ್ತದೆ ನೋಡಿ. ಅರ್ಧ ಅರ್ಧ ಲೆಕ್ಕದಲ್ಲಿ ಮಹೇಶನಿಗೆ 28,400, ಇರ್ಫಾನ್‌ಗೆ 12,100. ಕಿಲೋಮೀಟರ್ ಲೆಕ್ಕದಲ್ಲಿ ತಿರುಗುಮುರುಗು: ಮಹೇಶನಿಗೆ 7,400, ಇರ್ಫಾನ್‌ಗೆ 33,100. ಎರಡು ಭಾಗದ ಲೆಕ್ಕದಲ್ಲಿ 18,500 ಮತ್ತು 22,000. ಇಬ್ಬರಿಗೂ ಹೆಚ್ಚುಕಡಿಮೆ ಸಮ ಲಾಭ ಸಿಗುವುದು ಇದರಲ್ಲಿ ಮಾತ್ರ.

ಕಾಲದ ಖರ್ಚನ್ನು ಯಾವಾಗಲೂ ಸಮ ಮಾಡಲೇಬೇಕೆಂದಿಲ್ಲ. ಕಾರು ಯಾರ ಕೈಯಲ್ಲಿ ಎಷ್ಟು ದಿನ ಸಿಗುತ್ತದೆ ಎಂಬುದೇ ಇಲ್ಲಿ ಅಳತೆ. ವಾರದ ಐದು ದಿನ ಹಗಲೆಲ್ಲ ಕಾರು ಹುಬ್ಬಳ್ಳಿಯ ಕಚೇರಿ ಮುಂದೆ ನಿಂತು, ಇರ್ಫಾನ್ ಬುಧವಾರ ಬೇಕೆಂದರೆ ಸಿಗದಿದ್ದರೆ ಅವನು ಅರ್ಧ ಕೊಡುವುದು ನ್ಯಾಯವಲ್ಲ. 60:40 ಮಾಡಿದರೆ ಮಹೇಶನದು 48,600, ಇರ್ಫಾನ್‌ನದು 21,400 ಆಗುತ್ತದೆ. ನನಗನ್ನಿಸುವಂತೆ, ‘ಎಷ್ಟು ಓಡಿಸಿದೆ’ ಎಂಬುದಕ್ಕಿಂತ ‘ಕೇಳಿದ ದಿನ ಕೀಲಿ ಸಿಗುತ್ತದೆಯೇ’ ಎಂಬ ಪ್ರಶ್ನೆಯನ್ನೇ ಮೊದಲು ಮಾತಾಡಿಕೊಳ್ಳಬೇಕು.

ತಿಂಗಳ ಲೆಕ್ಕ ಇಡುವುದು ಹೇಗೆ

ಬೆಲೆ ಇಳಿಕೆಯ ಹಣ ತಿಂಗಳು ತಿಂಗಳು ಕಟ್ಟುವುದಲ್ಲ, ಅದು ಮಾರುವಾಗ ಇತ್ಯರ್ಥವಾಗುತ್ತದೆ. ಕೈಯಿಂದ ಹೋಗುವ ಹಣಕ್ಕೆ ಮಾತ್ರ ಒಂದು ಸಣ್ಣ ನಿಧಿ ಸಾಕು. ಕಾಲದ 12,000ಕ್ಕೆ ಇಬ್ಬರೂ ತಿಂಗಳಿಗೆ ತಲಾ 500 ರೂಪಾಯಿ, ಅದರ ಮೇಲೆ ಓಡಿಸಿದ ಪ್ರತಿ ಕಿಲೋಮೀಟರಿಗೆ 1 ರೂಪಾಯಿ 20 ಪೈಸೆ. ಮಹೇಶ 1,700 ಹಾಕುತ್ತಾನೆ, ಇರ್ಫಾನ್ 800. ಸರ್ವಿಸ್, ಟೈರು, ಇನ್ಶೂರೆನ್ಸ್ ಎಲ್ಲ ಈ ನಿಧಿಯಿಂದಲೇ. ಹೀಗೆ ಮಾಡಿದರೆ ಟೈರು ಬದಲಾಯಿಸುವ ದಿನ ‘ನಾನು ಓಡಿಸಿದ್ದೇ ಕಡಿಮೆ’ ಎಂಬ ಮಾತು ಬರುವುದಿಲ್ಲ, ಸವೆಸಿದವರು ಸವೆಸಿದಾಗಲೇ ಕೊಟ್ಟಿರುತ್ತಾರೆ.

ಕಿಲೋಮೀಟರ್ ಬರೆದಿಡಲು ಆ್ಯಪ್ ಬೇಕಿಲ್ಲ. ಕೀಲಿ ಕೈ ಬದಲಾಗುವಾಗ ಓಡೋಮೀಟರಿನ ಫೋಟೋ ತೆಗೆದು ಇಬ್ಬರ ವಾಟ್ಸಾಪ್ ಚಾಟ್‌ಗೆ ಹಾಕಿ. ಫೋಟೋ ಕಳಿಸಿದ ದಿನಾಂಕ, ಸಮಯ ಅಲ್ಲೇ ದಾಖಲಾಗುತ್ತದೆ. ಆಮೇಲೆ ಸಿಗ್ನಲ್ ಜಂಪ್ ದಂಡದ ನೋಟಿಸ್ ಬಂದಾಗ ಆ ಹೊತ್ತಿನಲ್ಲಿ ಗಾಡಿ ಯಾರ ಬಳಿ ಇತ್ತು ಎಂಬುದಕ್ಕೂ ಇದೇ ಸಾಕ್ಷಿ. ದಂಡ, ಟೋಲ್, ಪಾರ್ಕಿಂಗ್ ಶುಲ್ಕ ಆ ಹೊತ್ತು ಓಡಿಸಿದವರದು.

ಪೆಟ್ರೋಲನ್ನು ನಿಧಿಗೆ ಸೇರಿಸಬೇಡಿ. ಟ್ಯಾಂಕ್ ಫುಲ್ ಮಾಡಿ ತೆಗೆದುಕೊಂಡು, ಫುಲ್ ಮಾಡಿಯೇ ಕೊಡುವುದು ಒಳ್ಳೆಯ ಪದ್ಧತಿ. ಕಿಲೋಮೀಟರಿಗೆ ಇಷ್ಟು ಎಂದು ಸರಾಸರಿ ಮೈಲೇಜ್ ಹಿಡಿದರೆ ಒಬ್ಬರಿಗೆ ಮೋಸವಾಗುತ್ತದೆ. ಎಸಿ ಹಾಕಿಕೊಂಡು ಹುಬ್ಬಳ್ಳಿಯ ಟ್ರಾಫಿಕ್‌ನಲ್ಲಿ ನಿಂತು ಹೋಗುವ ಗಾಡಿ ಕುಡಿಯುವಷ್ಟು ಪೆಟ್ರೋಲನ್ನು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಗಾಡಿ ಕುಡಿಯುವುದಿಲ್ಲ. ಪಂಪಿನ ನಳಿಕೆ ಮೊದಲ ಸಲ ತಾನಾಗಿ ನಿಂತಾಗಲೇ ನಿಲ್ಲಿಸಿ. ‘ಇನ್ನೊಂದು ಸ್ವಲ್ಪ ಹಾಕಿ’ ಎಂದು ಕುತ್ತಿಗೆಯವರೆಗೆ ತುಂಬಿಸಿದರೆ ಲೆಕ್ಕವೂ ತಪ್ಪುತ್ತದೆ, ಟ್ಯಾಂಕಿನ ಆವಿ ಹೋಗುವ ವ್ಯವಸ್ಥೆಗೂ ಒಳ್ಳೆಯದಲ್ಲ.

ಹಳೆಯ ಕಾರೆಂದ ಮೇಲೆ ಅನಿರೀಕ್ಷಿತ ರಿಪೇರಿ ಇದ್ದೇ ಇರುತ್ತದೆ. ಎರಡನೇ ತಿಂಗಳಲ್ಲಿ ಎಸಿ ಕಂಪ್ರೆಸರ್ ಹೋದರೆ ಅದು ಇಬ್ಬರೂ ಓಡಿಸಿ ಹಾಳುಮಾಡಿದ್ದಲ್ಲ, ಕೊಂಡಾಗಲೇ ಬಂದ ರೋಗ. ಅದನ್ನು ಕಾರಿನ ಬೆಲೆಯ ಭಾಗವೆಂದೇ ತಿಳಿದು ಸಮ ಹಂಚಿಕೊಳ್ಳಬೇಕು. ಇದನ್ನು ಗುರುತಿಸಲು ಕೊಂಡ ವಾರವೇ ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆತ್ತಿಸಿ ಪೂರ್ತಿ ನೋಡಿಸಿ, ಕ್ಲಚ್, ಟೈರು, ಸಸ್ಪೆನ್ಷನ್ ಈಗ ಯಾವ ಸ್ಥಿತಿಯಲ್ಲಿವೆ ಎಂದು ಬರೆಸಿಕೊಂಡರೆ ಒಳ್ಳೆಯದು. ಅಪಘಾತದ ಪೆಟ್ಟು ಮಾತ್ರ ಓಡಿಸಿದವರದು. ಇನ್ಶೂರೆನ್ಸ್ ಕ್ಲೇಮ್ ಮಾಡಿದರೂ ಖರ್ಚು ಸೊನ್ನೆಯಲ್ಲ. 1500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ಕೈಯಿಂದ ಹಾಕಬೇಕಾದ 1,000 ರೂಪಾಯಿ ಇದೆ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಸವೆತದ ಕಡಿತ ಇದೆ, ಮುಂದಿನ ವರ್ಷ ನೋ ಕ್ಲೇಮ್ ಬೋನಸ್ ಹೋಗಿ ಕಂತು ಏರುತ್ತದೆ. ಆ ಏರಿಕೆಯನ್ನೂ ಗುದ್ದಿದವರೇ ತುಂಬಬೇಕು.

ಆರ್‌ಸಿ ಯಾರ ಹೆಸರಲ್ಲಿ?

ಹಣ ಇಬ್ಬರದಾದರೂ ಆರ್‌ಸಿ ಸಾಮಾನ್ಯವಾಗಿ ಒಬ್ಬರ ಹೆಸರಿಗೆ ಆಗುತ್ತದೆ. ‘ನಮ್ಮ ನಮ್ಮಲ್ಲಿ ಸ್ಟಾಂಪ್ ಪೇಪರ್ ಮೇಲೆ ಬರೆದುಕೊಂಡರೆ ಸಾಕು’ ಎಂಬ ಮಾತು ಅರ್ಧ ಮಾತ್ರ ನಿಜ. ಯಾರು ಎಷ್ಟು ಹಾಕಿದರು ಎಂಬುದಕ್ಕೆ ಆ ಕಾಗದ ಸಾಕ್ಷಿಯಾಗುತ್ತದೆ. ಆದರೆ ಅಪಘಾತದಲ್ಲಿ ಹೊರಗಿನವರಿಗೆ ಪರಿಹಾರ ಕೊಡುವ ಹೊಣೆ ಬಂದರೆ ಕಾನೂನು ನೋಡುವುದು ಆರ್‌ಸಿಯನ್ನು. ಕಾರನ್ನು ಬೇರೆಯವರಿಗೆ ಕೊಟ್ಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಇನ್ಶೂರೆನ್ಸ್ ತಪ್ಪಿಸಬಾರದು, ಇಬ್ಬರ ಲೈಸೆನ್ಸೂ ಚಾಲ್ತಿಯಲ್ಲಿರಬೇಕು.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಪಾಲಿಸಿಯಲ್ಲಿ ‘ಮಾಲೀಕ-ಚಾಲಕ’ರಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಅದು ಆರ್‌ಸಿಯಲ್ಲಿ ಹೆಸರಿರುವವರಿಗೆ ಮಾತ್ರ. ಆರ್‌ಸಿ ಮಹೇಶನ ಹೆಸರಲ್ಲಿದ್ದು ಇರ್ಫಾನ್ ಓಡಿಸುವಾಗ ಅವನಿಗೇ ಪೆಟ್ಟಾದರೆ ಈ ವಿಮೆ ಅವನ ನೆರವಿಗೆ ಬರುವುದಿಲ್ಲ. ಅರ್ಧ ಕಂತು ಕಟ್ಟಿದ್ದಾನೆ ಎಂಬುದು ಕಂಪನಿಗೆ ಸಂಬಂಧವಿಲ್ಲ. ಇರ್ಫಾನ್ ತನ್ನ ಹೆಸರಿನಲ್ಲಿ ಬೇರೆ ಅಪಘಾತ ವಿಮೆ ಮಾಡಿಸಿಕೊಂಡು, ಆ ಕಂತನ್ನು ಜಂಟಿ ನಿಧಿಯಿಂದಲೇ ಕಟ್ಟುವುದು ಸರಿಯಾದ ಕ್ರಮ.

ಮಾರುವ ದಿನ

ಮೂರು ವರ್ಷದ ನಂತರ 2,00,000 ಕೈಗೆ ಬಂತು. ಇಬ್ಬರೂ ಹಾಕಿದ್ದು ಸಮ, ಹಾಗಾಗಿ ತಲಾ ಒಂದು ಲಕ್ಷ ಎಂದು ಹಂಚಿಕೊಂಡರೆ ತಿಂಗಳು ತಿಂಗಳು ಅಚ್ಚುಕಟ್ಟಾಗಿ ಇಟ್ಟ ಲೆಕ್ಕ ಇಲ್ಲಿ ತಪ್ಪುತ್ತದೆ. ಕರಗಿದ 1,20,000ದಲ್ಲಿ 75,000 ವಯಸ್ಸಿನದು, ತಲಾ 37,500. ಉಳಿದ 45,000 ಓಡಿದ್ದರದು: ಮಹೇಶ ಓಡಿಸಿದ 36,000 ಕಿ.ಮೀ.ಗೆ 36,000, ಇರ್ಫಾನ್‌ನ 9,000 ಕಿ.ಮೀ.ಗೆ 9,000. ಮಹೇಶನ ಪಾಲಿನ ನಷ್ಟ 73,500, ಇರ್ಫಾನ್‌ನದು 46,500. ಇಬ್ಬರ 1,60,000ದಿಂದ ಇವನ್ನು ಕಳೆದರೆ ಮಹೇಶನಿಗೆ 86,500, ಇರ್ಫಾನ್‌ಗೆ 1,13,500 ಬರಬೇಕು. ಒಂದೊಂದು ಲಕ್ಷ ಹಂಚಿಕೊಂಡಿದ್ದರೆ ಇರ್ಫಾನ್ ಗೊತ್ತಿಲ್ಲದೆಯೇ 13,500 ಕಳೆದುಕೊಳ್ಳುತ್ತಿದ್ದ. ಮೊದಲು 60:40 ಎಂದು ಒಪ್ಪಿದ್ದರೆ ವಯಸ್ಸಿನ 75,000ವನ್ನೂ ಅದೇ ಪ್ರಮಾಣದಲ್ಲಿ ಹಂಚಬೇಕು.

ಅಂದಾಜು ಮಾಡಿದ ಬೆಲೆಗೇ ಕಾರು ಹೋಗುತ್ತದೆಂಬ ಖಾತ್ರಿ ಇಲ್ಲ. ಕಿಲೋಮೀಟರಿಗೆ 1 ರೂಪಾಯಿ ಎಂಬ ದರವನ್ನು ಕೊಳ್ಳುವಾಗಲೇ ಗೊತ್ತುಮಾಡಿ, ಮಾರುವಾಗ ಅದನ್ನು ಬದಲಾಯಿಸದೆ, ಉಳಿದ ಏರುಪೇರನ್ನೆಲ್ಲ ಕಾಲದ ಭಾಗಕ್ಕೆ ಹಾಕುವುದು ಸುಲಭ. ಹಾಗೆ ಮಾಡಿದರೆ ಮಾರುಕಟ್ಟೆ ಇಳಿದರೂ ಏರಿದರೂ ಇಬ್ಬರಿಗೂ ಒಪ್ಪಿದ ಪ್ರಮಾಣದಲ್ಲೇ ತಟ್ಟುತ್ತದೆ.

ಮಧ್ಯದಲ್ಲಿ ಒಬ್ಬರಿಗೆ ಬೇರೆ ಊರಿಗೆ ವರ್ಗವಾದರೆ ಇದೇ ಲೆಕ್ಕ, ಮಾರಿದ ಬೆಲೆಯ ಜಾಗದಲ್ಲಿ ಇಬ್ಬರು ಬೇರೆ ಬೇರೆ ವ್ಯಾಪಾರಿಗಳು ಹೇಳಿದ ಬೆಲೆಯ ಸರಾಸರಿ ಇಟ್ಟುಕೊಂಡರಾಯಿತು. ಉಳಿಯುವವರು ಆರ್‌ಸಿಯಲ್ಲಿರುವವರೇ ಆದರೆ ಆರ್‌ಟಿಒ ಕೆಲಸ ಏನೂ ಇಲ್ಲ. ಇಲ್ಲದಿದ್ದರೆ ಫಾರಂ 29 ಮತ್ತು 30 ತುಂಬಿ ಹೆಸರು ಬದಲಿಸಿ, ಪಾಲಿಸಿಯನ್ನೂ 14 ದಿನದೊಳಗೆ ಹೊಸ ಹೆಸರಿಗೆ ಮಾಡಿಸಲು ಕಂಪನಿಗೆ ತಿಳಿಸಬೇಕು. ಫಾಸ್ಟ್ಯಾಗ್ ಕೂಡ ಬದಲಾಗಬೇಕು. ನೋ ಕ್ಲೇಮ್ ಬೋನಸ್ ಮಾತ್ರ ಕಾರಿನ ಜೊತೆ ಹೋಗುವುದಿಲ್ಲ, ಆರ್‌ಸಿ ಇದ್ದವರ ಬಳಿಯೇ ಉಳಿಯುತ್ತದೆ. ಅವರು ಪತ್ರ ಪಡೆದು ಮೂರು ವರ್ಷದೊಳಗೆ ಮುಂದಿನ ಕಾರಿಗೆ ಬಳಸಿಕೊಳ್ಳಬಹುದು. ಇಬ್ಬರ ಹಣದಲ್ಲಿ ಗಳಿಸಿದ ಈ ರಿಯಾಯಿತಿ ಒಬ್ಬರಿಗೇ ಹೋಗುವುದರಿಂದ, ಅದರ ಅರ್ಧ ಬೆಲೆಯನ್ನು ಅಂತಿಮ ಲೆಕ್ಕದಲ್ಲಿ ಇನ್ನೊಬ್ಬರಿಗೆ ಸೇರಿಸಿ ಕೊಡಿ.